ಹೊಸ ತಾರಸಿಯ ಬಗ್ಗೆ ಮೇಸ್ತ್ರಿಗೆ ಬರೆಯಬೇಕಾದದ್ದು

ಪ್ರಶ್ನೆ: ಮೇಸ್ತ್ರಿಯವರಿಗೆ ಕೊಡುವ ಪತ್ರದಲ್ಲಿ ಕಾಂಕ್ರೀಟಿನ ಪ್ರಮಾಣ, ಕ್ಯೂರಿಂಗ್ ದಿನಗಳು ಮತ್ತು ತಾರಸಿಯ ಮೇಲೆ ಭಾರ ಹೇರುವ ಮುನ್ನ ಕಾಯಬೇಕಾದ ಅವಧಿ ಎಷ್ಟೆಂದು ಬರೆಯಲಿ?

ಉತ್ತರ: ಸಿಮೆಂಟ್ ಒಂದು ಪಾಲು, ಮರಳು ಒಂದೂವರೆ, ಜಲ್ಲಿ ಮೂರು, 14 ದಿನ ಕ್ಯೂರಿಂಗ್, 28 ದಿನ ಭಾರ ಹೇರಬಾರದು ಎಂದು ಬರೆಯಿರಿ. ಎಂಜಿನಿಯರ್ ನಕ್ಷೆಯಲ್ಲಿ ಬೇರೆ ಪ್ರಮಾಣವಿದ್ದರೆ ಅದೇ ಅಂತಿಮ.

ಕಾಂಕ್ರೀಟ್ ಒಣಗುವುದರಿಂದ ಗಟ್ಟಿಯಾಗುವುದಿಲ್ಲ. ಸಿಮೆಂಟ್ ನೀರಿನೊಡನೆ ರಾಸಾಯನಿಕವಾಗಿ ಬೆರೆತು ವಾರಗಟ್ಟಲೆ ಬಲ ಪಡೆಯುತ್ತದೆ, ತೇವ ಆರಿದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ದಿನಕ್ಕೆರಡು ಬಾರಿ ನೀರು ಚಿಮುಕಿಸಿದರೆ ಸಾಲದು, ಗಾರೆಯಿಂದ ಸಣ್ಣ ಬದುಗಳನ್ನು ಕಟ್ಟಿ ನೀರು ನಿಲ್ಲಿಸಬೇಕೆಂದು ಸ್ಪಷ್ಟವಾಗಿ ತಿಳಿಸಿ. ಬೆರೆಸುವಾಗಿನ ಹೆಚ್ಚುವರಿ ನೀರು ಮಾತ್ರ ಕೆಡುಕೇ: ಅದು ಆರಿದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು, ತಾರಸಿ ಸೋರತೊಡಗುತ್ತದೆ. 50 ಕೆ.ಜಿ. ಚೀಲವೊಂದಕ್ಕೆ ಸುಮಾರು 25 ಲೀಟರ್ ಸಾಕು.

ಏಳನೆಯ ದಿನ ನಡೆದಾಡಲು ಗಟ್ಟಿಯೆನಿಸಿದರೂ ಆಗ ಬಂದಿರುವುದು ಸುಮಾರು ಮೂರನೇ ಎರಡರಷ್ಟು ಬಲ. ಆಗಲೇ ತಲಾ 3 ಕೆ.ಜಿ.ಯ 300 ಇಟ್ಟಿಗೆಗಳನ್ನು ಎರಡು ಚದರ ಮೀಟರಿನಲ್ಲಿ ಪೇರಿಸಿದರೆ ಚದರ ಮೀಟರಿಗೆ 450 ಕೆ.ಜಿ. ಬೀಳುತ್ತದೆ, ಮನೆಯ ತಾರಸಿಯನ್ನು ಸಾಮಾನ್ಯವಾಗಿ ಲೆಕ್ಕ ಹಾಕುವುದು 150 ಕೆ.ಜಿ.ಗೆ. ಪರಿಣಾಮವಾಗಿ ತಳಭಾಗದ ನಡುವೆ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಳ್ಳುತ್ತವೆ.