ಸಂಪು ಬರಿದಾದಾಗ ಮೋಟರ್ ತಾನಾಗಿ ನಿಲ್ಲಬೇಕಾದರೆ

ಪ್ರಶ್ನೆ: ನಮ್ಮದು ಚಿಂತಾಮಣಿ. ಆರಡಿ ಸಂಪಿನಿಂದ ಒಂದು ಎಚ್‌ಪಿ ಮೋನೋಬ್ಲಾಕ್ ಮೋಟರ್ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ನೀರೆತ್ತುತ್ತದೆ. ಟ್ಯಾಂಕಿನಲ್ಲಿ ಫ್ಲೋಟ್ ಸ್ವಿಚ್ ಇದೆ. ನಲ್ಲಿ ನೀರು ಬಾರದ ವಾರ ಸಂಪು ಬರಿದಾಗಿ, ಮೋಟರ್ ನೀರಿಲ್ಲದೆ ಓಡಿ ಸೀಲ್ ಹೋಯಿತು. ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿಸಿದರೆ ಸರಿಹೋಗುತ್ತದಾ?

ಉತ್ತರ: ಬರೀ ಸೆನ್ಸರ್ ಬದಲಿಸಿದರೆ ಆಗದು. ಮೇಲಿನ ಟ್ಯಾಂಕಿನಲ್ಲಿ ಏನೇ ಕೂರಿಸಿದರೂ ಅದಕ್ಕೆ ಕೆಳಗಿನ ಸಂಪು ಕಾಣುವುದಿಲ್ಲ. ಟ್ಯಾಂಕ್ ಖಾಲಿ ಇರುವವರೆಗೂ ಮೋಟರ್ ಓಡು ಎಂದೇ ಹೇಳುತ್ತಿರುತ್ತದೆ. ಸೀಲನ್ನು ತಣ್ಣಗಿಡುವುದು ಪಂಪಿನೊಳಗಿನ ನೀರೇ. ಅದಿಲ್ಲದಿದ್ದರೆ ನಿಮಿಷಗಳಲ್ಲಿ ಕಾದು ಸೀಳುತ್ತದೆ.

ಸಂಪಿಗೆ ಇನ್ನೊಂದು ಕೇಬಲ್ ಫ್ಲೋಟ್ ಇಳಿಸಿ, ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿ. ಟ್ಯಾಂಕಿನ ಫ್ಲೋಟ್ ಕೆಳಗೆ ಜೋತಾಗ ಸಂಪರ್ಕ ಕೂಡಬೇಕು, ಸಂಪಿನದು ಮೇಲೆ ತೇಲಿದಾಗ ಕೂಡಬೇಕು. ಮೂರು ವೈರುಗಳ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ, ಫ್ಲೋಟನ್ನು ಕೈಯಲ್ಲಿ ಎತ್ತಿ ಇಳಿಸಿ ಮಲ್ಟಿಮೀಟರಿನಲ್ಲಿ ನೋಡಿಯೇ ವೈರ್ ಆರಿಸಿ. ಮೋಟರಿನ ಕರೆಂಟನ್ನು ನೇರವಾಗಿ ಫ್ಲೋಟಿನ ಮೂಲಕ ಹರಿಸಬೇಡಿ. ಸ್ಟಾರ್ಟಾಗುವಾಗ ಅದು ಹಲವು ಪಟ್ಟು ಏರಿ, ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡರೆ ಮೋಟರ್ ನಿಲ್ಲುವುದೇ ಇಲ್ಲ. ಫ್ಲೋಟುಗಳು, ಮೋಟರಿನ ಕರೆಂಟನ್ನು ಹೊರುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲನ್ನಷ್ಟೇ ನಡೆಸಲಿ. ಕೇಬಲ್ ನೀರಿನಲ್ಲಿ ಇರುವುದರಿಂದ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು, ಸಂಪಿನೊಳಗೆ ಜಾಯಿಂಟ್ ಕೂಡದು. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಆಗಲಿ.

ಎತ್ತರ ಹೊಂದಿಸುವಲ್ಲೇ ಹೆಚ್ಚು ತಪ್ಪಾಗುವುದು. ಸಂಪಿನಲ್ಲಿ ಪೈಪಿನ ತುದಿಗಿರುವ ನಿಮ್ಮ ಫುಟ್ ವಾಲ್ವ್ ತಳದಿಂದ ಅರ್ಧ ಅಡಿ ಮೇಲಿದೆ ಎಂದುಕೊಳ್ಳಿ. ಕೇಬಲನ್ನು ತಳದಿಂದ ಒಂದೂವರೆ ಅಡಿ ಎತ್ತರದಲ್ಲಿ ಬಿಗಿದು, ಅಲ್ಲಿಂದ ಫ್ಲೋಟಿಗೆ ಒಂಬತ್ತು ಇಂಚು ಸಡಿಲ ಬಿಡಿ. ಆಗ ನೀರು ಸುಮಾರು ಒಂದಡಿಗೆ ಇಳಿದಾಗ ಮೋಟರ್ ನಿಂತು, ಎರಡಡಿಗೆ ಏರಿದ ಮೇಲೆ ಹೊರಡುತ್ತದೆ. ಸಡಿಲ ಕಡಿಮೆಯಾದರೆ, ನಲ್ಲಿ ಸಣ್ಣಗೆ ಬರುವ ದಿನ ಮೋಟರ್ ಗಳಿಗೆಗೊಮ್ಮೆ ಹತ್ತಿ ಆರುತ್ತಿರುತ್ತದೆ.

ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ಫುಟ್ ವಾಲ್ವಿನಲ್ಲಿ ಮರಳು ಸಿಕ್ಕಿ ಸೋರಿದರೆ ಪೈಪಿನ ನೀರು ಇಳಿದುಹೋಗುತ್ತದೆ. ಸಂಪು ತುಂಬಿದ್ದರೂ ಮೋಟರ್ ಗಾಳಿಯಲ್ಲೇ ತಿರುಗುತ್ತದೆ. ಇದನ್ನು ಹಿಡಿಯುವುದು ಕರೆಂಟ್ ನೋಡುವ ಡ್ರೈ ರನ್ ರಿಲೇ. ನೀರೆತ್ತುವಾಗ ಎಷ್ಟು ಆಂಪಿಯರ್, ನೀರಿಲ್ಲದೆ ಕೆಲವೇ ಸೆಕೆಂಡ್ ಓಡಿಸಿದಾಗ ಎಷ್ಟು ಎಂದು ಕ್ಲಾಂಪ್ ಮೀಟರಿನಲ್ಲಿ ಅಳೆದು, ನಡುವಿನ ಅಂಕಿಗೆ ಹೊಂದಿಸಿ. 5.5 ಮತ್ತು 4 ಬಂದರೆ 4.7 ಸರಿ. ಸಿಂಗಲ್ ಫೇಸ್ ಮೋಟರುಗಳಲ್ಲಿ ಅಂತರ ಕೆಲವೊಮ್ಮೆ ತೀರಾ ಕಡಿಮೆ ಇರುವುದರಿಂದ ಅಂದಾಜಿನಲ್ಲಿ ಇಡಬೇಡಿ.

ಅಲ್ಟ್ರಾಸಾನಿಕ್ ಬೇಕೇಬೇಕೆಂದರೆ ಅದರಿಂದ ಇದೇ ಕಾವಲು ಮಾಡಿಸಬಹುದು. ನಿಮ್ಮ ಪಂಪ್ ನಿಮಿಷಕ್ಕೆ 30 ಲೀಟರ್ ಎತ್ತಿದರೆ, ಸುಮಾರು 1.1 ಮೀಟರ್ ಅಗಲದ ಟ್ಯಾಂಕಿನಲ್ಲಿ ಮಟ್ಟ ನಿಮಿಷಕ್ಕೆ 3 ಸೆಂ.ಮೀ. ಏರುತ್ತದೆ. ಎರಡು ನಿಮಿಷದಲ್ಲಿ 2 ಸೆಂ.ಮೀ. ಕೂಡ ಏರದಿದ್ದರೆ ಮೋಟರ್ ನಿಲ್ಲಿಸಿ ಬಜರ್ ಹೊಡೆಯುವಂತೆ ಕಂಟ್ರೋಲರ್ ಹೊಂದಿಸಿ. ಸೆನ್ಸರ್ ಮುಖಕ್ಕೂ ತುಂಬಿದ ನೀರಿಗೂ 30 ಸೆಂ.ಮೀ. ಅಂತರವಿರಲಿ, ತೀರಾ ಹತ್ತಿರದ ನೀರನ್ನು ಅದು ಅಳೆಯಲಾರದು. ಮುಚ್ಚಳದಡಿ ಕೂಡುವ ಬೆವರಹನಿ ಸೆನ್ಸರ್ ಮುಖದ ಮೇಲೆ ನಿಂತರೆ ಅಂಕಿ ದಿಢೀರನೆ ಹಾರುತ್ತದೆ. ಒಂದೇ ಅಳತೆ ನಂಬದೆ, ಐದರಲ್ಲಿ ನಡುವಿನದನ್ನು ತೆಗೆದುಕೊಳ್ಳುವ ಕಂಟ್ರೋಲರನ್ನೇ ಆರಿಸಿ.