ಒಂದೇ ವಿಷಯಕ್ಕೆ ಮತ್ತೆ ಮತ್ತೆ ಜಗಳ

ಒದ್ದೆ ಟವೆಲನ್ನು ಹಾಸಿಗೆ ಮೇಲೆ ಬಿಡೋದಕ್ಕೆ ನನಗೂ ಗಂಡನಿಗೂ ದಿನಾ ಜಗಳ. ಎಷ್ಟು ಸಲ ಮಾತಾಡಿ ಮುಗಿಸಿದರೂ ಮತ್ತೆ ಶುರುವಾಗುತ್ತೆ. ಯಾಕೆ?

ಯಾಕೆಂದರೆ ನೀವಿಬ್ಬರೂ ಮಾತಾಡಿ ಮುಗಿಸಿದ್ದು ಟವೆಲಿನ ವಿಷಯವನ್ನು ಮಾತ್ರ. ನೋಯಿಸಿದ್ದು ಬೇರೆಯದು, ಅದಿನ್ನೂ ಬಾಯಿಗೇ ಬಂದಿಲ್ಲ.

ಮಾತು ಹೇಗೆ ಸಾಗುತ್ತದೆ ನೋಡಿ. ನೀವು "ಯಾವಾಗಲೂ ಇದೇ ಕಥೆ" ಅಂತೀರಿ. ಅವರಿಗೆ ಕೇಳಿಸುವುದು "ನೀವು ಯಾವುದಕ್ಕೂ ಲಾಯಕ್ಕಿಲ್ಲ" ಎಂದು. ತಪ್ಪಿಸಿಕೊಳ್ಳಲು "ಒಂದು ಟವೆಲಿಗೆ ಇಷ್ಟೊಂದು ರಂಪವಾ?" ಅಂತಾರೆ. ನಿಮಗೆ ಕೇಳಿಸುವುದು "ನಿನ್ನ ಮಾತಿಗೆ ಬೆಲೆಯಿಲ್ಲ" ಎಂದು. ಮೊದಲು ಚುಚ್ಚಿದ್ದೂ ಬಹುಶಃ ಅದೇ. ಹೀಗೆ ಪ್ರತಿ ಜಗಳವೂ ಹಳೆ ಗಾಯವನ್ನೇ ಕೆರೆಯುತ್ತದೆ.

ಕೋಪ ಇಳಿಯಲು ಕನಿಷ್ಠ 20 ನಿಮಿಷ ಬಿಡಿ. ಆಮೇಲೆ "ಟವೆಲ್ ಕಂಡಾಗ ನನಗೆ ಏನನ್ನಿಸುತ್ತೆ?" ಎಂದು ನಿಮ್ಮನ್ನೇ ಕೇಳಿಕೊಳ್ಳಿ. "ಅಸಹ್ಯ" ಎಂಬ ಉತ್ತರಕ್ಕೆ ನಿಲ್ಲಬೇಡಿ, ಇನ್ನೊಂದು ಸಲ ಕೇಳಿಕೊಳ್ಳಿ. "ಮನೆಗೆಲಸವೆಲ್ಲ ನನ್ನೊಬ್ಬಳ ಪಾಲು ಅನ್ನಿಸುತ್ತೆ" ಎಂದು ಬಂದರೆ ಅದನ್ನೇ ಅವರಿಗೆ ಹೇಳಿ. ಅದರ ಜೊತೆಗೆ, ಅವರು ಮಾಡಬಹುದಾದ ಒಂದೇ ಒಂದು ಕೆಲಸ ಕೇಳಿ: "ಬೆಳಿಗ್ಗೆ ಹಾಸಿಗೆ ಸರಿಮಾಡೋದು ನಿಮ್ಮ ಪಾಲಿಗಿರಲಿ." ಆಮೇಲೆ ಅವರಿಗೆ ಏನನ್ನಿಸುತ್ತದೆಂದು ಕೇಳಿ. ಇಲ್ಲೇ ಬಹಳ ಜನ ಎಡವುವುದು: ಅವರ ಮನಸ್ಸಿನಲ್ಲಿರುವುದನ್ನು ತಾವೇ ಊಹಿಸಿ ಹೇಳಿಬಿಡುತ್ತಾರೆ, ಅದು ಹೊಸ ಆರೋಪವಾಗುತ್ತದೆ.

ಕೆಲವೊಮ್ಮೆ ಟವೆಲ್ ಬರೀ ಟವೆಲ್ಲೇ ಆಗಿರುತ್ತದೆ, ಅದನ್ನೂ ಅಲ್ಲಗಳೆಯಲಾಗದು. ಬಾಗಿಲ ಹಿಂದೆ ಒಂದು ಕೊಕ್ಕೆ ಹಾಕಿಸಿ ನೋಡಿ. ಜಗಳ ನಿಂತರೆ ಸರಿ. ಟವೆಲ್ ಬಿಟ್ಟು ಕಾಫಿ ಲೋಟಕ್ಕೆ ಹಾರಿದರೆ, ಒಳಗಿನ ಮಾತು ಇನ್ನೂ ಬಾಕಿಯಿದೆ.