ಸೋಲಾರ್ ಕರಪತ್ರ: ಐದು ಬಕೆಟ್‌ನಿಂದ ಶುರು ಮಾಡಿ

"ಮಂಡ್ಯದಲ್ಲಿ ಸೋಲಾರ್ ವಾಟರ್ ಹೀಟರ್ ಅಂಗಡಿ ಇದೆ. ದುಡ್ಡು ಹೇಗೆ ಉಳಿಯುತ್ತೆ ಅಂತ ಕರಪತ್ರದಲ್ಲಿ ಒಂದೇ ಚಿತ್ರದಲ್ಲಿ ತೋರಿಸೋದು ಹೇಗೆ?"

ಸಾರ್, ಮೇಲುಗಡೆ ಐದು ಬಕೆಟ್ ಬರೆಸಿ. ಒಂದೊಂದು 20 ಲೀಟರ್, ಒಟ್ಟು 100. 25 ಡಿಗ್ರಿ ನೀರನ್ನು 55ಕ್ಕೆ ಕಾಯಿಸಲು ಗೀಸರ್‌ಗೆ ಸುಮಾರು ಮೂರೂವರೆ ಯೂನಿಟ್ ಬೇಕು. ಅದರ ಕೆಳಗೆ ಒಂದು ಬಾಣ. ಯೂನಿಟ್‌ಗೆ 6 ರೂಪಾಯಿ ಅಂದುಕೊಂಡರೆ ದಿನಕ್ಕೆ 21 ರೂಪಾಯಿ.

ಇದನ್ನು 365ರಿಂದ ಗುಣಿಸಬೇಡಿ. ಮೋಡದ ದಿನ ಬ್ಯಾಕಪ್ ಕಾಯಿಲ್ ಹಾಕಲೇಬೇಕು, ಅಲ್ವಾ? 300 ದಿನ ಹಿಡಿಯಿರಿ, ವರ್ಷಕ್ಕೆ 6,300 ರೂಪಾಯಿ. ಹೀಟರ್ 24,000 ಅಂದರೆ ನಾಲ್ಕು ವರ್ಷದ ಹತ್ತಿರ ಹಾಕಿದ ದುಡ್ಡು ವಾಪಸ್. ನಿಮ್ಮ ದರ ಬೇರೆ ಇದ್ದರೆ ಅದನ್ನೇ ಹಾಕಿ.

ಎಡವಟ್ಟಾಗುವುದು ಇಲ್ಲಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರಿಗೆ ಈ ಚಿತ್ರ ತೋರಿಸಿದರೆ ಸುಮ್ನೆ ನಗುತ್ತಾರೆ. 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಗೇ ಇದು ಸರಿ. ತಿಂಗಳಿಗೆ 250 ಯೂನಿಟ್ ಸುಡುವ ಮನೆಯಲ್ಲಿ ದಿನಾ ಈ ಐದು ಬಕೆಟ್ ಗೀಸರ್‌ನಲ್ಲೇ ಕಾಯುತ್ತಿದ್ದರೆ, ಬಿಸಿಲಿನ ತಿಂಗಳಲ್ಲಿ ಅದು 145ಕ್ಕೆ ಇಳಿಯುತ್ತದೆ. ಹಂಡೆ ಒಲೆಯಲ್ಲಿ ನೀರು ಕಾಯಿಸುವ ಹಳ್ಳಿ ಮನೆಗೆ ಬೇರೆ ಚಿತ್ರ ಮಾಡಿಸಿ. ಅಲ್ಲಿ ಯೂನಿಟ್ ಬದಲು ಸೌದೆ ಹೊರೆ ಎಣಿಸಬೇಕು.